ತಿಂಗಳಿಗೆ ನಾಲ್ಕು ಸಾವಿರ, ತೆರಿಗೆಯೂ ಅದರೊಳಗೇ

ಮೊದಲು ಪತ್ರವನ್ನು ಓದಿಬಿಡೋಣ. ಬರೆದವರು ತುಮಕೂರಿನ ಹೈಸ್ಕೂಲು ಶಿಕ್ಷಕಿ. ಯಾರಿಗೆ ಬರೆದರೋ ಅವರು ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ಗಂಡ. ಈ ದಂಪತಿ ಉದಾಹರಣೆಗಾಗಿ ಕಟ್ಟಿಕೊಂಡವರು. ಆದರೆ ಇಂಥ ಮಾತುಕತೆ ಈಗ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ, ಹೆಚ್ಚಿನ ಕಡೆ ಬಾಯಿಮಾತಿನಲ್ಲೇ ಮುಗಿಯುತ್ತಿದೆ.

"ರೀ, ಶನಿವಾರ ರಾತ್ರಿ ಮಾತಾಡಿದ್ದನ್ನೇ ಬರೆದಿದ್ದೀನಿ. ಬಾಯಲ್ಲಿ ಹೇಳಿದ್ದು ಅವರವರಿಗೆ ಬೇಕಾದ ಹಾಗೆ ನೆನಪಿರುತ್ತೆ. ಕ್ರಿಪ್ಟೋ ಟ್ರೇಡಿಂಗ್‌ಗೆ ತಿಂಗಳಿಗೆ ನಾಲ್ಕು ಸಾವಿರ, ಇದಕ್ಕೆ ನನ್ನ ಒಪ್ಪಿಗೆ ಇದೆ. ನಾಲ್ಕು ಸಾವಿರ ಅಂದ್ರೆ ನಿಮ್ಮ ಸಂಬಳದ ಅಕೌಂಟಿನಿಂದ ಹೊರಗೆ ಹೋಗೋ ದುಡ್ಡು, ಆ್ಯಪಿನಲ್ಲಿ ಕಾಣೋ ದುಡ್ಡಲ್ಲ. ಒಂದು ತಿಂಗಳು ಹಾಕದೇ ಇದ್ರೆ ಅದು ಮನೆಗೆ ಉಳೀತು ಅಂತ ಲೆಕ್ಕ, ಮುಂದಿನ ತಿಂಗಳು ಎಂಟು ಸಾವಿರ ಆಗಲ್ಲ. ಹತ್ತನೇ ತಾರೀಕಿಗೇ ಕರಗಿಹೋದ್ರೂ ಮುಂದಿನ ಒಂದನೇ ತಾರೀಕಿನವರೆಗೆ ಕೇಳಬೇಡಿ. ತೆರಿಗೆಯೂ ಇದರೊಳಗೇ ಬರಬೇಕು. ಲಾಭ ಬಂದ ದಿನ ಅದರಲ್ಲಿ ಮೂರರಲ್ಲೊಂದು ಭಾಗ ಬ್ಯಾಂಕಿಗೆ ವಾಪಸ್ ಬರಲಿ. ಚಿನ್ನ ಅಡ ಇಡೋದು, ಕ್ರೆಡಿಟ್ ಕಾರ್ಡು, ಸಾಲದ ಆ್ಯಪು, ನಿಮ್ಮ ತಮ್ಮನ ಹತ್ರ ಕೈಗಡ, ಇದ್ಯಾವುದೂ ಬೇಡ. ನಮ್ಮಿಬ್ಬರ ಜಾಯಿಂಟ್ ಅಕೌಂಟಿಗೆ ಕ್ರಿಪ್ಟೋ ದುಡ್ಡು ಬರಲೂ ಬಾರದು, ಅಲ್ಲಿಂದ ಹೋಗಲೂ ಬಾರದು. ಅಲ್ಲಿರೋದು ಒಟ್ಟು ಒಂದು ಲಕ್ಷ ದಾಟಿದ್ರೆ ಮಿಕ್ಕಿದ್ದನ್ನ ಮನೆಗೆ ತನ್ನಿ. ಜುಲೈನಲ್ಲಿ ರಿಟರ್ನ್ ಹಾಕೋವಾಗ ಇಬ್ಬರೂ ಕೂತು ಲೆಕ್ಕ ನೋಡೋಣ. ಅಲ್ಲೀತನಕ ಎಷ್ಟು ಬಂತು, ಎಷ್ಟು ಹೋಯ್ತು ಅಂತ ನಾನು ದಿನಾ ಕೇಳಲ್ಲ."

ಇಷ್ಟೇ. ಒಂದು ಪುಟವೂ ಇಲ್ಲ. ಛಾಪಾ ಕಾಗದವಿಲ್ಲ, ಸಾಕ್ಷಿಗಳ ಸಹಿಯಿಲ್ಲ. ಇದನ್ನು ಹಿಡಿದುಕೊಂಡು ನಾಳೆ ಈ ಶಿಕ್ಷಕಿ ಕೋರ್ಟಿಗೆ ಹೋದರೆ ಏನೂ ಗಿಟ್ಟುವುದಿಲ್ಲ. ಗಂಡಹೆಂಡಿರ ನಡುವಿನ ತಿಂಗಳ ಹಣದ ಒಪ್ಪಂದ ಎಂದರೆ ವಕೀಲರಿಗೆ ತಟ್ಟನೆ ನೆನಪಾಗುವುದು ಇಂಗ್ಲೆಂಡಿನ ಬಾಲ್ಫರ್ ದಂಪತಿಯ ಮೊಕದ್ದಮೆ. ಗಂಡ ಸಿಲೋನಿನಲ್ಲಿ ನೀರಾವರಿ ಇಲಾಖೆಯ ಅಧಿಕಾರಿ. ಕಾಯಿಲೆಯ ಕಾರಣ ಹೆಂಡತಿ ಇಂಗ್ಲೆಂಡಿನಲ್ಲೇ ಉಳಿಯಬೇಕಾಯಿತು. ತಿಂಗಳಿಗೆ 30 ಪೌಂಡ್ ಕೊಡುತ್ತೇನೆಂದು ಆತ ಮಾತು ಕೊಟ್ಟಿದ್ದ. ಮುಂದೆ ಸಂಬಂಧ ಕೆಟ್ಟಿತು, ಆಕೆ ದಾವೆ ಹೂಡಿದಳು. 1919ರಲ್ಲಿ ಮೇಲ್ಮನವಿ ನ್ಯಾಯಾಲಯ ಆಕೆಯ ವಿರುದ್ಧ ತೀರ್ಪು ಕೊಟ್ಟಿತು: ಸಂಸಾರದೊಳಗೆ ಇಂಥ ಮಾತು ಆಡಿಕೊಳ್ಳುವವರು ಕಾನೂನಿನ ಕಟ್ಟಿಗೆ ಒಳಗಾಗಬೇಕೆಂಬ ಉದ್ದೇಶದಿಂದ ಆಡುವುದಿಲ್ಲ, ಆದ್ದರಿಂದ ಅದು ಕರಾರು ಅಲ್ಲ. ನಮ್ಮಲ್ಲೂ ಕಾನೂನು ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಇದನ್ನು ಓದುತ್ತಾರೆ.

ಹಾಗಾದರೆ ಬರೆದು ಉಪಯೋಗವೇನು? ಕೋರ್ಟು ಎತ್ತಿಹಿಡಿಯದ ಪತ್ರವನ್ನು ಬ್ಯಾಂಕಿನ ಪಾಸ್‌ಬುಕ್ಕು ಎತ್ತಿಹಿಡಿಯಬಲ್ಲದು. ಪತ್ರದಲ್ಲಿರುವ ಪ್ರತಿಯೊಂದು ಮಾತೂ ಪಾಸ್‌ಬುಕ್ಕಿನಲ್ಲಿ ಬೆರಳಿಟ್ಟು ನೋಡಲು ಬರುವಂತಿರಬೇಕು, ಅಷ್ಟೇ. "ಜಾಸ್ತಿ ಹಾಕಬೇಡಿ", "ಜೋಪಾನವಾಗಿ ಆಡಿ" ಎಂದು ಬರೆದರೆ ಅದನ್ನು ಯಾವ ಪಾಸ್‌ಬುಕ್ಕಿನಲ್ಲೂ ಹುಡುಕಲಾಗದು. ಈ ಶಿಕ್ಷಕಿ ಅಂಥ ಒಂದು ಮಾತನ್ನೂ ಬರೆದಿಲ್ಲ, ಅವರ ಜಾಣತನ ಇರುವುದೇ ಅಲ್ಲಿ.

ನಾಲ್ಕು ಸಾವಿರ ಎಂಬ ಅಂಕಿ ಎಲ್ಲಿಂದ ಬಂತು ಎಂದು ನೋಡಿ. ಇಬ್ಬರದೂ ಸೇರಿ ಕೈಗೆ ಬರುವುದು 92,000 ರೂಪಾಯಿ. ಮನೆ ಸಾಲದ ಕಂತು 26,000. ಮಕ್ಕಳ ಫೀಸು, ದಿನಸಿ, ಹಾಲು, ಪೆಟ್ರೋಲು, ಅತ್ತೆಯವರ ಔಷಧಿ, ತಿಂಗಳಿಗೆ 5,000ದ ಚೀಟಿ, ಒಂದಿಷ್ಟು ಆರ್‌ಡಿ ಎಲ್ಲ ಕಳೆದರೆ ಹನ್ನೆರಡು ಸಾವಿರದಷ್ಟು ಮಿಗುತ್ತದೆ. ಗಂಡ ಕೇಳಿದ್ದು ಹತ್ತು. ಹೆಂಡತಿ ಬೇರೆ ಪ್ರಶ್ನೆ ಕೇಳಿದರು: ವರ್ಷವಿಡೀ ಹಾಕಿದ್ದೆಲ್ಲ ಹೋಯಿತು ಅಂದುಕೊಳ್ಳಿ, ಆಗ ಚೀಟಿ ನಿಲ್ಲಿಸಬೇಕಾಗುತ್ತದೆಯೇ, ಫೀಸಿಗೆ ಸಾಲ ಮಾಡಬೇಕಾಗುತ್ತದೆಯೇ? ಹತ್ತರ ಲೆಕ್ಕದಲ್ಲಿ ಹೋಗುವುದು 1,20,000. ಅದು ತಡೆದುಕೊಳ್ಳುವ ಏಟಲ್ಲ. ನಾಲ್ಕರ ಲೆಕ್ಕದಲ್ಲಿ 48,000. ಹೊಟ್ಟೆ ಉರಿಯುತ್ತದೆ, ಆದರೆ ಮನೆ ನಡೆಯುತ್ತದೆ. "ಎಲ್ಲವೂ ಹೋದರೆ" ಎಂದು ಎಣಿಸುವುದು ಅಪಶಕುನವಲ್ಲ. ಬಿಟ್‌ಕಾಯಿನ್ 2021ರ ನವೆಂಬರಿನಲ್ಲಿ 69,000 ಡಾಲರ್‌ನ ಹತ್ತಿರವಿತ್ತು, ಒಂದೇ ವರ್ಷದಲ್ಲಿ 16,000ದ ಆಸುಪಾಸಿಗೆ ಇಳಿಯಿತು. ಅದು ಇದ್ದುದರಲ್ಲಿ ಗಟ್ಟಿಯಾದ ನಾಣ್ಯ. 2022ರ ಮೇ ತಿಂಗಳಲ್ಲಿ ಲೂನಾ ಎಂಬ ನಾಣ್ಯ ಕೆಲವೇ ದಿನಗಳಲ್ಲಿ ಪೈಸೆಗಿಂತ ಕೆಳಕ್ಕೆ ಬಿದ್ದಿತು.

ಇನ್ನು ಪತ್ರದ ಮುಖ್ಯವಾದ ಮಾತಿಗೆ ಬರೋಣ: "ತೆರಿಗೆಯೂ ಇದರೊಳಗೇ". ಇದನ್ನು ಬರೆಯದೆ ಮಿತಿ ಹಾಕಿಕೊಂಡ ಮನೆಗಳಲ್ಲಿ ಆ ಮಿತಿ ಮೊದಲ ವರ್ಷದಲ್ಲೇ ಒಡೆಯುತ್ತದೆ, ಅದೂ ಯಾರೂ ಮೋಸ ಮಾಡದೆಯೇ. ಕಾರಣ ನಮ್ಮ ದೇಶದ ತೆರಿಗೆ ನಿಯಮ. 2022ರ ಬಜೆಟ್ಟಿನಲ್ಲಿ ಕ್ರಿಪ್ಟೋಗೆ "ವರ್ಚುವಲ್ ಡಿಜಿಟಲ್ ಆಸ್ತಿ" ಎಂದು ಹೆಸರಿಟ್ಟು, ಆ ವರ್ಷದ ಏಪ್ರಿಲ್ 1ರಿಂದ ಲಾಭದ ಮೇಲೆ ಶೇಕಡ 30 ತೆರಿಗೆ ಹಾಕಿದರು. 4 ಶೇಕಡ ಸೆಸ್ ಸೇರಿದರೆ ಅದು 31.2 ಆಗುತ್ತದೆ. ಕೊಂಡ ಬೆಲೆಯನ್ನು ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವ ಹಾಗಿಲ್ಲ. ನಿಜವಾದ ಏಟು ಇರುವುದು ಮುಂದಿನ ಸಾಲಿನಲ್ಲಿ: ಒಂದು ನಾಣ್ಯದಲ್ಲಿ ಆದ ನಷ್ಟವನ್ನು ಇನ್ನೊಂದು ನಾಣ್ಯದ ಲಾಭದಿಂದ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ.

ಶೇರು ಮಾರುಕಟ್ಟೆಯ ಅಭ್ಯಾಸವಿರುವವರಿಗೆ ಇದು ತಲೆಗೆ ಹತ್ತುವುದೇ ಕಷ್ಟ. ಒಂದು ನಾಣ್ಯದಲ್ಲಿ 30,000 ಬಂತು, ಇನ್ನೊಂದರಲ್ಲಿ 30,000 ಹೋಯಿತು ಎನ್ನಿ. ಕೈಯಲ್ಲಿ ಉಳಿದದ್ದು ಸೊನ್ನೆ. ಸರ್ಕಾರದ ಲೆಕ್ಕದಲ್ಲಿ ಮಾತ್ರ ನೀವು 30,000 ಗಳಿಸಿದವರು. 9,360 ರೂಪಾಯಿ ಕಟ್ಟಬೇಕು. ಅದನ್ನು ಎಲ್ಲಿಂದ ಕಟ್ಟುತ್ತೀರಿ? ಟ್ರೇಡಿಂಗ್ ಅಕೌಂಟಿನಲ್ಲಿ ಅಷ್ಟು ಇಲ್ಲದಿದ್ದರೆ ಮನೆಯ ದುಡ್ಡಿನಿಂದಲೇ. ಹಾಗಾಗಿ ಲಾಭವಾದ ದಿನವೇ ಮೂರರಲ್ಲೊಂದು ಪಾಲನ್ನು ಹೊರಗೆ ಎಳೆದುಕೊಳ್ಳಿ ಎಂದು ಪತ್ರ ಹೇಳುವುದು. ಮರುದಿನ ಇನ್ನೊಂದು ನಾಣ್ಯ ಬಿದ್ದರೂ ಆ ಲಾಭದ ತೆರಿಗೆ ಮಾಫಿಯಾಗುವುದಿಲ್ಲ. 31.2ರ ಬದಲು ಮೂರರಲ್ಲೊಂದು ಎಂದು ಬರೆದದ್ದೂ ಸರಿಯೇ, ಫೋನಿನ ಕ್ಯಾಲ್ಕ್ಯುಲೇಟರ್ ತೆರೆಯದೆ ಮಾಡುವ ಲೆಕ್ಕ ಮಾತ್ರ ದಿನನಿತ್ಯ ನಡೆಯುತ್ತದೆ.

ಇನ್ನೊಂದು ಕಡಿತವಿದೆ. 2022ರ ಜುಲೈ 1ರಿಂದ ಪ್ರತಿ ಮಾರಾಟದ ಮೊತ್ತದಲ್ಲಿ ಶೇಕಡ 1ನ್ನು ಟಿಡಿಎಸ್ ಎಂದು ಎಕ್ಸ್‌ಚೇಂಜ್‌ಗಳು ಹಿಡಿದುಕೊಳ್ಳುತ್ತವೆ. ಲಾಭದ ಮೇಲಲ್ಲ, ಮಾರಿದ ಮೊತ್ತದ ಮೇಲೆ. ಒಂದು ನಾಣ್ಯ ಕೊಟ್ಟು ಇನ್ನೊಂದನ್ನು ಪಡೆದರೂ ಅದು ಮಾರಾಟವೇ. ವರ್ಷಕ್ಕೆರಡು ಸಲ ಮಾರುವವನಿಗೆ ಇದು ಗೊತ್ತಾಗುವುದೂ ಇಲ್ಲ. ದಿನಕ್ಕೊಂದು ಸಲ ಕೊಂಡು ಮಾರುವವನ ಕತೆ ಬೇರೆ. ಬೆಲೆ ಒಂದಿಷ್ಟೂ ಕದಲಲಿಲ್ಲ ಎಂದೇ ಇಟ್ಟುಕೊಳ್ಳಿ. ನಾಲ್ಕು ಸಾವಿರವನ್ನು ಇಪ್ಪತ್ತು ಸಲ ತಿರುಗಿಸಿದರೆ ಉಳಿಯುವುದು ಸುಮಾರು 3,272. ಮಿಕ್ಕ 728 ಟಿಡಿಎಸ್ ಆಗಿ ಸರ್ಕಾರದ ಬಳಿ ಹೋಗಿ ಕೂತಿರುತ್ತದೆ. ಅದು ನಮ್ಮದೇ, ರಿಟರ್ನ್ ಹಾಕಿದಾಗ ತೆರಿಗೆಗೆ ಹೊಂದಾಣಿಕೆಯಾಗುತ್ತದೆ, ಮಿಕ್ಕರೆ ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ ಬಂಡವಾಳ ತೆಳ್ಳಗಾಗಿರುತ್ತದೆ, ಟ್ರೇಡ್ ಮಾಡುವವನಿಗೆ "ಇನ್ನೊಂದೆರಡು ಸಾವಿರ ಹಾಕಿದರೆ ಸರಿಹೋಗುತ್ತೆ" ಎನ್ನಿಸುವುದು ಇಲ್ಲೇ. ಎಕ್ಸ್‌ಚೇಂಜಿನ ಶುಲ್ಕ ಮತ್ತು ಅದರ ಮೇಲಿನ ಶೇಕಡ 18 ಜಿಎಸ್‌ಟಿ ಬೇರೆ ಇದ್ದೇ ಇದೆ, ಅದು ಮಾತ್ರ ಹೋದರೆ ಹೋದದ್ದೇ.

"ಹತ್ತನೇ ತಾರೀಕಿಗೇ ಕರಗಿಹೋದ್ರೂ ಕೇಳಬೇಡಿ" ಎಂಬ ಸಾಲು ಓದಲು ಕಟುವಾಗಿದೆ. ಆದರೆ ಮಿತಿ ಒಡೆಯುವ ಸಮಯ ಸಾಮಾನ್ಯವಾಗಿ ತಿಂಗಳ ಎರಡನೇ ವಾರವೇ. ಮೂರನೇ ತಾರೀಕು ನಾಲ್ಕು ಸಾವಿರಕ್ಕೆ ಕೊಂಡ ನಾಣ್ಯ ಹನ್ನೊಂದಕ್ಕೆ 2,600 ಆಗಿರುತ್ತದೆ. ಆಗ ಟ್ರೇಡರುಗಳ ಬಾಯಲ್ಲಿ ಬರುವ ಮಾತು "ಆವರೇಜ್ ಮಾಡ್ಬೇಕು". ಕಡಿಮೆ ಬೆಲೆಗೆ ಇನ್ನಷ್ಟು ಕೊಂಡರೆ ಸರಾಸರಿ ಕೊಂಡ ಬೆಲೆ ಇಳಿಯುತ್ತದೆ, ಸ್ವಲ್ಪ ಏರಿದರೂ ಅಸಲು ಬರುತ್ತದೆ ಎಂಬ ತರ್ಕ. ಲೆಕ್ಕ ತಪ್ಪಲ್ಲ. ಆದರೆ ಹಾಗೆ ಮಾಡಿದಾಗ ಬೀಳುತ್ತಿರುವ ನಾಣ್ಯದಲ್ಲಿ ಸಿಕ್ಕಿಕೊಂಡ ಹಣ ಇಮ್ಮಡಿಯಾಗುತ್ತದೆ, ಅದು ಮತ್ತೂ ಬಿದ್ದರೆ ಮೂರನೆಯ ಸಲವೂ ಅದೇ ತರ್ಕ ಅಷ್ಟೇ ಸರಿಯಾಗಿ ಕಾಣಿಸುತ್ತದೆ. ಕ್ರಿಪ್ಟೋ ಮಾರುಕಟ್ಟೆಗೆ ಬಾಗಿಲು ಹಾಕುವ ಹೊತ್ತೆಂಬುದಿಲ್ಲ, ಭಾನುವಾರವಿಲ್ಲ, ಹಬ್ಬವಿಲ್ಲ. ಶೇರುಪೇಟೆ ಮಧ್ಯಾಹ್ನ ಮೂರೂವರೆಗೆ ಮುಚ್ಚುವುದರಿಂದ ಸಿಗುವ ಬಿಡುವು ಇಲ್ಲಿ ಸಿಗುವುದಿಲ್ಲ. ಆ ಬಿಡುವನ್ನು ಕೊಡಬೇಕಾದದ್ದು ಮುಂದಿನ ತಿಂಗಳ ಒಂದನೇ ತಾರೀಕೇ. ಮುಂಗಡ ತೆಗೆದುಕೊಂಡರೆ ಆ ತಾರೀಕಿಗೆ ಅರ್ಥ ಉಳಿಯುವುದಿಲ್ಲ.

ಹಾಗೆಯೇ ಮಿಗಿಸಿದ ತಿಂಗಳು ಎಂಟು ಸಾವಿರ ಆಗಬಾರದೆಂಬ ಸಾಲು. ಮಿತಿ ಹಾಕಿಕೊಂಡ ಮನೆಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ: ನಾಲ್ಕು ಸಾವಿರ ದಾಟಬಾರದು ಎಂದದ್ದು ಕ್ರಮೇಣ ನಾಲ್ಕು ಸಾವಿರ ಹಾಕಲೇಬೇಕು ಎಂಬಂತಾಗುತ್ತದೆ. ಚೀಟಿ ಕಟ್ಟಿದ ಹಾಗೆ ತಪ್ಪದೆ ಹಾಕುತ್ತಾ ಹೋಗುತ್ತಾರೆ. ಹಾಕದ ತಿಂಗಳ ಹಣ ಮನೆಯದು ಎಂದು ಬರೆದಿಟ್ಟರೆ, ಸುಮ್ಮನಿರುವುದಕ್ಕೂ ಒಂದು ಲಾಭ ಕಾಣಿಸುತ್ತದೆ.

ಜಾಯಿಂಟ್ ಅಕೌಂಟಿನ ವಿಷಯವನ್ನು ಪತ್ರ ಒಂದೇ ಸಾಲಿನಲ್ಲಿ ಮುಗಿಸಿದೆ. ನಾನಾಗಿದ್ದರೆ ಅದನ್ನು ಕೆಂಪು ಇಂಕಿನಲ್ಲಿ ಬರೆಯುತ್ತಿದ್ದೆ. ಎಕ್ಸ್‌ಚೇಂಜ್ ಬಿಟ್ಟು ನೇರವಾಗಿ ಇನ್ನೊಬ್ಬ ವ್ಯಕ್ತಿಗೆ ಮಾರುವ ಪದ್ಧತಿಯಿದೆ, ಅದನ್ನು ಪಿಟುಪಿ ಎನ್ನುತ್ತಾರೆ. ನೀವು ಯುಎಸ್‌ಡಿಟಿ ಕೊಡುತ್ತೀರಿ, ಗುರುತಿಲ್ಲದ ಯಾರೋ ಯುಪಿಐ ಮೂಲಕ ನಿಮ್ಮ ಅಕೌಂಟಿಗೆ ರೂಪಾಯಿ ಹಾಕುತ್ತಾರೆ. ಬೆಲೆ ಒಂದೆರಡು ರೂಪಾಯಿ ಹೆಚ್ಚೇ ಸಿಗುತ್ತದೆ. ಆ ರೂಪಾಯಿ ಎಲ್ಲಿಂದ ಬಂತು ಎಂಬುದು ನಿಮಗೆ ಗೊತ್ತಿರುವುದಿಲ್ಲ. ದೂರದ ರಾಜ್ಯವೊಂದರಲ್ಲಿ ಯಾರನ್ನೋ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸಿ ದೋಚಿದ ಹಣವೂ ಆಗಿರಬಹುದು. ಮೋಸಹೋದವರು 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ ಆ ಹಣ ಯಾವ ಯಾವ ಅಕೌಂಟು ದಾಟಿತೋ ಅವನ್ನೆಲ್ಲ ಹಿಂಬಾಲಿಸುತ್ತಾ ಬರುತ್ತಾರೆ, ದಾರಿಯಲ್ಲಿರುವ ಬ್ಯಾಂಕುಗಳು ಆ ಮೊತ್ತವನ್ನೋ ಕೆಲವೊಮ್ಮೆ ಇಡೀ ಅಕೌಂಟನ್ನೋ ತಡೆಹಿಡಿಯುತ್ತವೆ. ನೀವು ಕಳ್ಳರಲ್ಲ; ಆದರೂ ಅದನ್ನು ಬೇರೆ ರಾಜ್ಯದ ಪೊಲೀಸ್ ಠಾಣೆಗೆ ಕಾಗದಪತ್ರ ಕಳಿಸಿ ತಿಳಿಸಿಕೊಡಬೇಕು. ವಾರಗಳು ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಆ ಅಕೌಂಟಿನಲ್ಲೇ ಹೆಂಡತಿಯ ಸಂಬಳ ಬೀಳುತ್ತಿದ್ದರೆ, ಮನೆ ಕಂತು ಅಲ್ಲಿಂದಲೇ ಕಟಾವಾಗುತ್ತಿದ್ದರೆ, ನಾಲ್ಕು ಸಾವಿರದ ಮಿತಿಯ ಆಟ ಇಡೀ ಮನೆಯ ವ್ಯವಹಾರವನ್ನು ನಿಲ್ಲಿಸಿಬಿಡುತ್ತದೆ.

ಪರಿಹಾರ ಸರಳ. ಗಂಡನ ಹೆಸರಿನಲ್ಲೇ, ಬೇರೆ ಬ್ಯಾಂಕಿನಲ್ಲಿ, ಒಂದು ಉಳಿತಾಯ ಖಾತೆ. ಎಕ್ಸ್‌ಚೇಂಜ್‌ಗಳು ಹೇಗೂ ಟ್ರೇಡ್ ಮಾಡುವವರ ಹೆಸರಿನ ಖಾತೆಯನ್ನೇ ಕೇಳುತ್ತವೆ. ಪ್ರತಿ ತಿಂಗಳ ಎರಡನೇ ತಾರೀಕು ಸಂಬಳದ ಖಾತೆಯಿಂದ ಅಲ್ಲಿಗೆ ನಾಲ್ಕು ಸಾವಿರ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿಡುವುದು. ಆ ಖಾತೆಗೆ ಓವರ್‌ಡ್ರಾಫ್ಟ್ ಬೇಡ, ಕ್ರೆಡಿಟ್ ಕಾರ್ಡ್ ಬೇಡ. ಎಕ್ಸ್‌ಚೇಂಜಿಗೆ ಹೋಗುವುದೂ ಅಲ್ಲಿಂದ ಬರುವುದೂ ಇದೊಂದೇ ಬಾಗಿಲಿನಿಂದ. ಆಗ ಸಂಬಳದ ಖಾತೆಯ ಪಾಸ್‌ಬುಕ್ಕಿನಲ್ಲಿ ತಿಂಗಳಿಗೊಂದೇ ಸಾಲು ಕಾಣುತ್ತದೆ, ಎರಡನೆಯದು ಕಂಡರೆ ಪತ್ರ ಮುರಿದಿದೆ ಎಂದೇ ಅರ್ಥ. ಯಾರ ಫೋನನ್ನೂ ಯಾರೂ ಕದ್ದು ನೋಡಬೇಕಾಗಿಲ್ಲ.

ಪತ್ರದಲ್ಲಿ "ನಿಮ್ಮ ಸಂಬಳದ ಅಕೌಂಟಿನಿಂದ" ಎಂದು ಒತ್ತಿ ಹೇಳಿರುವುದಕ್ಕೂ ಕಾರಣವಿದೆ. ಹೆಂಡತಿ ತನ್ನ ದುಡ್ಡನ್ನು ಗಂಡನಿಗೆ ಸುಮ್ಮನೆ ಕೊಟ್ಟು, ಅದರಿಂದ ಆತ ಆದಾಯ ಗಳಿಸಿದರೆ ಆದಾಯ ತೆರಿಗೆಯವರು ಆ ಆದಾಯವನ್ನು ಹೆಂಡತಿಯ ಲೆಕ್ಕಕ್ಕೇ ಸೇರಿಸುತ್ತಾರೆ. ಟಿಡಿಎಸ್ ಕಟಾವಾಗಿರುವುದು ಗಂಡನ ಪ್ಯಾನ್ ನಂಬರಿನಲ್ಲಿ, ಲಾಭ ತೋರಿಸಬೇಕಾದದ್ದು ಹೆಂಡತಿಯ ರಿಟರ್ನಿನಲ್ಲಿ. ನಾಲ್ಕು ಸಾವಿರಕ್ಕಾಗಿ ಇಂಥ ಗೋಜಲು ಯಾರಿಗೆ ಬೇಕು.

ಒಟ್ಟು ಒಂದು ಲಕ್ಷ ಎಂಬ ಎರಡನೆಯ ಮಿತಿಯನ್ನು ಬಹಳ ಜನ ಮರೆಯುತ್ತಾರೆ. ತಿಂಗಳ ಮಿತಿ ಎಷ್ಟು ಒಳಗೆ ಹೋಗುತ್ತದೆ ಎಂಬುದನ್ನಷ್ಟೇ ಕಾಯುತ್ತದೆ, ಒಳಗೆ ಎಷ್ಟು ಕೂಡಿತು ಎಂಬುದನ್ನಲ್ಲ. ಮೂರು ವರ್ಷ ತಪ್ಪದೆ ಹಾಕಿದರೆ 1,44,000. ಬೆಲೆ ಏರಿದ್ದರೆ ಮೂರು ಲಕ್ಷವೂ ಆಗಿರಬಹುದು. ಅಷ್ಟೂ ಒಂದೇ ಕಂಪನಿಯ ಕೈಯಲ್ಲಿ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತದ ದೊಡ್ಡ ಎಕ್ಸ್‌ಚೇಂಜಿನ ವಾಲೆಟ್ಟಿಗೆ ಹ್ಯಾಕರುಗಳು ಕನ್ನ ಹಾಕಿ 23 ಕೋಟಿ ಡಾಲರ್‌ಗೂ ಹೆಚ್ಚು ಬೆಲೆಯ ನಾಣ್ಯಗಳನ್ನು ಒಯ್ದರು, ಸುಮಾರು ಎರಡು ಸಾವಿರ ಕೋಟಿ ರೂಪಾಯಿ. ಗ್ರಾಹಕರ ನಾಣ್ಯಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಹಣ ಹಿಂತೆಗೆಯುವುದನ್ನು ತಡೆದರು. ಸಿಂಗಪುರದ ಕೋರ್ಟಿನಲ್ಲಿ ಪುನರ್‌ರಚನೆಯ ಯೋಜನೆ ಒಪ್ಪಿಗೆಯಾಗಿ ವ್ಯವಹಾರ ಮತ್ತೆ ಶುರುವಾಗುವ ಹೊತ್ತಿಗೆ ಒಂದು ವರ್ಷದ ಮೇಲಾಗಿತ್ತು. ಬ್ಯಾಂಕ್ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ. ಇಲ್ಲಿ ಅಂಥದ್ದೇನೂ ಇಲ್ಲ. ತಿಂಗಳ ಮಿತಿಯನ್ನು ಶಿಸ್ತಿನಿಂದ ಪಾಲಿಸಿದವರೂ ಆ ದಿನ ಕೂಡಿಟ್ಟದ್ದೆಲ್ಲ ಅಲ್ಲೇ ಸಿಕ್ಕಿಕೊಂಡು ಕೂತರು. ಆದ್ದರಿಂದ ಲಕ್ಷ ದಾಟಿದ್ದನ್ನು ಮನೆಗೆ ತರಬೇಕು ಎಂಬ ಸಾಲು ಬೇಕು. ಮಾರಿ ತರುವಾಗ ತೆರಿಗೆ ಬೀಳುತ್ತದೆ ಎಂಬ ನೆಪ ಬಂದೇ ಬರುತ್ತದೆ. ಎಂದಾದರೊಂದು ದಿನ ಕಟ್ಟಲೇಬೇಕಾದ ತೆರಿಗೆ ಅದು.

ಪತ್ರ ಚೆನ್ನಾಗಿದೆ, ಆದರೆ ತೂತಿಲ್ಲದೆ ಇಲ್ಲ. ದೊಡ್ಡ ತೂತು ಫ್ಯೂಚರ್ಸ್. ನಾಲ್ಕು ಸಾವಿರವನ್ನು ಮಾರ್ಜಿನ್ ಎಂದು ಇಟ್ಟು, ಹತ್ತು ಪಟ್ಟು ಲಿವರೇಜ್ ತೆಗೆದುಕೊಂಡು 40,000ದ ವ್ಯವಹಾರ ಮಾಡಲು ಆ್ಯಪುಗಳು ಬಿಡುತ್ತವೆ. ಬ್ಯಾಂಕಿನಿಂದ ಹೋದದ್ದು ನಾಲ್ಕೇ ಸಾವಿರ, ಪತ್ರದ ಅಕ್ಷರ ಮುರಿದಿಲ್ಲ. ಆದರೆ ಬೆಲೆ ಎದುರು ದಿಕ್ಕಿಗೆ ಶೇಕಡ ಹತ್ತರ ಹತ್ತಿರ ಸರಿದರೆ ಸಾಕು, ಅಷ್ಟೂ ಹೋಗಿ ಆ್ಯಪು ತಾನಾಗಿಯೇ ವ್ಯವಹಾರ ಮುಗಿಸುತ್ತದೆ. ಮುಂದೆ ಬೆಲೆ ಚೇತರಿಸಿಕೊಂಡರೂ ಅದು ನಮಗಲ್ಲ. 2020ರ ಮಾರ್ಚ್ 12 ಮತ್ತು 13ರಂದು ಬಿಟ್‌ಕಾಯಿನ್ ಬೆಲೆಯೇ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು, ಶೇಕಡ ಹತ್ತು ಎಂಬುದು ಈ ಪೇಟೆಯಲ್ಲಿ ದೊಡ್ಡ ಮಾತಲ್ಲ. ಹೋದ ಮೇಲೆ "ಆವರೇಜ್" ಮಾಡುವ ಆಸೆ ಇನ್ನೂ ಜೋರಾಗುತ್ತದೆ. "ಫ್ಯೂಚರ್ಸ್ ಬೇಡ, ಕೊಂಡದ್ದನ್ನೇ ಮಾರುವುದು" ಎಂದು ಒಂದು ಸಾಲು ಸೇರಿಸಿದ್ದರೆ ಈ ತೂತು ಮುಚ್ಚುತ್ತಿತ್ತು.

ಇನ್ನೊಂದು ತೂತು ಟೆಲಿಗ್ರಾಂ, ವಾಟ್ಸ್ಯಾಪ್ ಗುಂಪುಗಳಿಂದ ಬರುವ ನಕಲಿ ಆ್ಯಪುಗಳದು. ಅಲ್ಲಿ ನಾಲ್ಕು ಸಾವಿರ ವಾರದಲ್ಲಿ ಹದಿನೈದು ಆಗಿ ಕಾಣುತ್ತದೆ, ತೆಗೆಯಲು ಹೋದರೆ ಮೊದಲು ತೆರಿಗೆಯೆಂದೋ ಶುಲ್ಕವೆಂದೋ ಐದು ಸಾವಿರ ಕಟ್ಟಿ ಎನ್ನುತ್ತಾರೆ. ಹಣ ತೆಗೆಯಲು ಹಣ ಕಟ್ಟು ಎಂದ ಕ್ಷಣವೇ ಅದು ಮೋಸ ಎಂದು ತಿಳಿದುಕೊಳ್ಳಬೇಕು. ಭಾರತದ ತೆರಿಗೆಯನ್ನು ಯಾವ ಆ್ಯಪೂ ಹೀಗೆ ಮುಂಗಡವಾಗಿ ಕಟ್ಟಿಸಿಕೊಳ್ಳುವುದಿಲ್ಲ. 2023ರ ಮಾರ್ಚ್‌ನಿಂದ ಕ್ರಿಪ್ಟೋ ಎಕ್ಸ್‌ಚೇಂಜ್‌ಗಳು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಣಿ ಇದ್ದರೆ ಹಣ ಭದ್ರ ಎಂದಲ್ಲ, ಇಲ್ಲದಿದ್ದರೆ ಆ ಬಾಗಿಲು ತಟ್ಟುವುದೇ ಬೇಡ.

ಪತ್ರದ ಕೊನೆಯ ಮಾತು ನನಗೆ ಎಲ್ಲಕ್ಕಿಂತ ಹಿಡಿಸಿತು: "ನಾನು ದಿನಾ ಕೇಳಲ್ಲ". ಮಿತಿ ಎಂದರೆ ಒಬ್ಬರಿಗೆ ಮಾತ್ರ ಹಾಕುವ ಮೂಗುದಾರವಾದರೆ ಅದು ಬಾಳುವುದಿಲ್ಲ. ಗಂಡ ನಾಲ್ಕರೊಳಗೆ ಇರುವುದಕ್ಕೆ ಒಪ್ಪಿದ್ದಾನೆ, ಹೆಂಡತಿ ಆ ನಾಲ್ಕರ ಬಗ್ಗೆ ಊಟದ ತಟ್ಟೆಯ ಮುಂದೆ ಕೆಣಕುವುದನ್ನು ಬಿಟ್ಟಿದ್ದಾಳೆ. ದಿನಾ ಕೇಳುವ ಮನೆಯಲ್ಲಿ ನಷ್ಟ ಮುಚ್ಚಿಡುವುದು ಶುರುವಾಗುತ್ತದೆ, ಮುಚ್ಚಿಟ್ಟ ನಷ್ಟವನ್ನು ತುಂಬಲು ಸಾಲ ಶುರುವಾಗುತ್ತದೆ. ಪಾತ್ರಗಳು ಅದಲು ಬದಲಾಗಿ ಹೆಂಡತಿ ಟ್ರೇಡ್ ಮಾಡಿ ಗಂಡ ಪತ್ರ ಬರೆಯುವ ಮನೆಗೂ ಇದೇ ಮಾತು.

ಆದರೆ ಪತ್ರ ಸಾಲದ ಸಂದರ್ಭಗಳಿವೆ. ರಾತ್ರಿ ಎರಡು ಗಂಟೆಗೆ ಎದ್ದು ಬೆಲೆ ನೋಡುವುದು, ಬ್ಯಾಂಕಿನ ಎಸ್‌ಎಂಎಸ್ ಅಳಿಸುವುದು, ಕೈಗಡ ಕೇಳಿದ ಸುದ್ದಿ ಮೂರನೆಯವರಿಂದ ಬರುವುದು, ಒಪ್ಪಿದ ಮಿತಿ ಮತ್ತೆ ಮತ್ತೆ ಒಡೆಯುವುದು. ಅಲ್ಲಿಗೆ ಅದು ಜೂಜಿನ ಗೀಳಿನ ಲಕ್ಷಣ, ಇನ್ನೂ ಬಿಗಿಯಾದ ಪತ್ರ ಬರೆದರೆ ಇಳಿಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಆನ್‌ಲೈನ್ ಆಟಗಳ ಗೀಳಿಗೆಂದೇ "ಶಟ್" ಎಂಬ ಕ್ಲಿನಿಕ್ ಇದೆ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಜುಲೈ ತಿಂಗಳ ಆ ಲೆಕ್ಕ. ಕ್ರಿಪ್ಟೋ ಲಾಭವಿದ್ದವರಿಗೆ ಸಂಬಳದಾರರ ಸರಳವಾದ ಐಟಿಆರ್-1 ನಮೂನೆ ನಡೆಯುವುದಿಲ್ಲ. ದೊಡ್ಡ ನಮೂನೆಯಲ್ಲಿ ಇದಕ್ಕೆಂದೇ ಒಂದು ಪಟ್ಟಿಯಿದೆ. ಎಂದು ಕೊಂಡದ್ದು, ಎಂದು ಮಾರಿದ್ದು, ಎಷ್ಟಕ್ಕೆ ಎಂದು ಒಂದೊಂದಾಗಿ ತುಂಬಬೇಕು. ಬೇಸರದ ಕೆಲಸ, ಆದರೆ ಗಂಡಹೆಂಡಿರು ಕೂತು ನೋಡಲು ಇದಕ್ಕಿಂತ ಒಳ್ಳೆಯ ಕಾಗದವಿಲ್ಲ. ನಮ್ಮ ತುಮಕೂರಿನ ದಂಪತಿ ಕೂತರು ಎನ್ನೋಣ. ವರ್ಷದಲ್ಲಿ ಒಂದು ತಿಂಗಳು ಹಾಕಿರಲಿಲ್ಲ, ಹಾಕಿದ್ದು 44,000. ಒಂದು ನಾಣ್ಯದಲ್ಲಿ 18,000 ಲಾಭ, ಇನ್ನೊಂದರಲ್ಲಿ 25,000 ನಷ್ಟ. "ಏಳು ಸಾವಿರ ಹೋಯ್ತು, ಅಷ್ಟೇ" ಎಂದರು ಗಂಡ.

ವರ್ಷದಲ್ಲಿ ಮಾರಿದ್ದರ ಒಟ್ಟು ಮೊತ್ತ 2,10,000, ಅದರಲ್ಲಿ ಕಟಾವಾದ ಟಿಡಿಎಸ್ 2,100. ಕೊಂಡದ್ದಕ್ಕೂ ಮಾರಿದ್ದಕ್ಕೂ ಸೇರಿ ಶುಲ್ಕ ಮತ್ತು ಜಿಎಸ್‌ಟಿ 1,500. ಲಾಭ ಬಂದ ದಿನ ಬ್ಯಾಂಕಿಗೆ ತಂದಿಟ್ಟ 6,000 ಮತ್ತು ಎಕ್ಸ್‌ಚೇಂಜಿನಲ್ಲಿ ಉಳಿದ 27,400 ಸೇರಿದರೆ ಕೈಯಲ್ಲಿರುವುದು 33,400. ತೆರಿಗೆ ಮಾತ್ರ 18,000ದ ಮೇಲೆ ಪೂರ್ತಿಯಾಗಿ, 5,616. ಟಿಡಿಎಸ್ ಕಳೆದು ಇನ್ನೂ 3,516 ಕಟ್ಟಬೇಕು, ತಂದಿಟ್ಟ ಆರು ಸಾವಿರದಿಂದ ಅದು ಹೋಯಿತು. ಉಳಿದದ್ದು 29,884. ಅಂದರೆ ಹೋದದ್ದು 7,000 ಅಲ್ಲ, 14,116. ಅರ್ಧದಷ್ಟು ನಷ್ಟ ನಾಣ್ಯ ಬಿದ್ದದ್ದರಿಂದ, ಇನ್ನರ್ಧ ತೆರಿಗೆ ಮತ್ತು ಶುಲ್ಕದಿಂದ. ಲೆಕ್ಕಪತ್ರ ವಿಭಾಗದಲ್ಲೇ ಕೆಲಸ ಮಾಡುವ ಗಂಡನಿಗೆ ಇದನ್ನು ಎರಡನೇ ಸಲ ಕೂಡಿ ನೋಡಬೇಕಾಯಿತು.

ಮನೆಯ ಬೇರೆ ಯಾವ ದುಡ್ಡಿಗೂ ಕೈ ಹಚ್ಚಿರಲಿಲ್ಲ. ಚೀಟಿ ನಿಂತಿರಲಿಲ್ಲ. ಹೆಂಡತಿ ಹೊಸ ವರ್ಷದ ಪತ್ರದಲ್ಲಿ ನಾಲ್ಕನ್ನು ಎರಡೂವರೆ ಮಾಡಿದರು, ಫ್ಯೂಚರ್ಸ್ ಬೇಡ ಎಂಬ ಸಾಲು ಸೇರಿಸಿದರು. ಗಂಡ ಮೂರು ಕೇಳಿ, ಎರಡೂವರೆಗೆ ಒಪ್ಪಿ, ತಿಂಗಳಿಗೆ ಎರಡಕ್ಕಿಂತ ಹೆಚ್ಚು ಸಲ ಮಾರುವುದಿಲ್ಲ ಎಂದು ತಾವೇ ಕೆಳಗೆ ಬರೆದರು.